ಮೂರು ಬಿಂದುಗಳ ಪರವಲಯವೋ, ನ್ಯೂಟನ್ನನ ಸ್ಪರ್ಶಕವೋ: ಸಂಮಿಶ್ರ ಮೂಲ ಹುಡುಕುವವರಿಗೆ

ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಸಂಖ್ಯಾ ವಿಧಾನಗಳ ಪಾಠ ಮಾಡುತ್ತೇನೆ. ಕಳೆದ ವರ್ಷ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಪ್ರಾಜೆಕ್ಟಿಗೆ ನಾಲೆಯ ನೀರನ್ನೇ ವಿಷಯವಾಗಿ ಆರಿಸಿಕೊಂಡಿದ್ದ. ಅವನ ಚಿಕ್ಕಪ್ಪನ ಗದ್ದೆ ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. ಮೇಲೆ ಗೇಟು ಎತ್ತಿದರೆ ನೀರು ಕೆಳಗೆ ತಲುಪುವುದಕ್ಕೆ ಹೊತ್ತು ಹಿಡಿಯುತ್ತದೆ. ಇಲ್ಲಿ ಮಟ್ಟ ಕಡಿಮೆಯಾಯಿತೆಂದು ಅಲ್ಲಿ ಗೇಟು ಎತ್ತುತ್ತಾರೆ. ಆ ನೀರು ಬರುವ ಹೊತ್ತಿಗೆ ಇಲ್ಲಿ ಅಷ್ಟು ಬೇಕಾಗಿರುವುದಿಲ್ಲ. ಆಮೇಲೆ ಇಳಿಸುತ್ತಾರೆ, ಅದೂ ತಡವಾಗಿ ತಟ್ಟುತ್ತದೆ. ಮಟ್ಟ ಏರುತ್ತಾ ಇಳಿಯುತ್ತಾ ತೂಗಾಡುತ್ತದೆ. ಈ ತೂಗಾಟ ತಾನಾಗಿ ಅಡಗುತ್ತದೆಯೇ, ಅಡಗುವುದಾದರೆ ಎಷ್ಟು ಬೇಗ ಎಂಬುದು ಅವನ ಪ್ರಶ್ನೆ.

ಅದಕ್ಕೆ ಉತ್ತರ ಒಂದು ಸಮೀಕರಣದ ಮೂಲದಲ್ಲಿದೆ, ಮತ್ತು ಆ ಮೂಲ ಸಂಮಿಶ್ರ ಸಂಖ್ಯೆ. ಅದನ್ನು ಹುಡುಕಲು ಯಾವ ವಿಧಾನ ಹಿಡಿಯಬೇಕು ಎಂದು ಅವನು ಕೇಳಿದಾಗ ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಇಬ್ಬರೂ ಕುಳಿತು ಲೆಕ್ಕ ಮಾಡಿದೆವು. ಆ ಲೆಕ್ಕವನ್ನೇ ಇಲ್ಲಿ ಇಡುತ್ತಿದ್ದೇನೆ.

ಸಮೀಕರಣ ಮತ್ತು ಅದರ ಅರ್ಥ

ನಾಲೆಯ ಒಂದು ಭಾಗವನ್ನು ತೀರಾ ಸರಳ ಮಾಡಿ ನೋಡಿದರೆ, ಅದು ನೀರು ತುಂಬುವ ಒಂದು ತೊಟ್ಟಿ ಮತ್ತು ಆ ತೊಟ್ಟಿಗೆ ನೀರು ತಡವಾಗಿ ತಲುಪುವ ಒಂದು ದಾರಿ. ಬೇಕಾದ ಮಟ್ಟಕ್ಕೂ ಇರುವ ಮಟ್ಟಕ್ಕೂ ಇರುವ ವ್ಯತ್ಯಾಸವನ್ನು ನೋಡಿ, ಅದಕ್ಕೆ ತಕ್ಕಷ್ಟು ಗೇಟನ್ನು ಸರಿಸುತ್ತೇವೆ ಎಂದುಕೊಳ್ಳಿ. ಎಷ್ಟು ಜೋರಾಗಿ ಸರಿಸುತ್ತೇವೆ ಎಂಬುದಕ್ಕೆ k ಎಂಬ ಸಂಖ್ಯೆ. ನೀರು ತಲುಪಲು ಬೇಕಾಗುವ ಸಮಯವನ್ನೇ ಕಾಲದ ಅಳತೆಗೋಲು ಮಾಡಿಕೊಂಡರೆ, ಅಂದರೆ ತಡವನ್ನು 1 ಎಂದು ಇಟ್ಟರೆ, ಸಿಗುವ ಸಮೀಕರಣ ಇದು:

```
f(s) = s + k·e^(−s) = 0
```

ಮೂಲ s ಎರಡು ಸಂಗತಿ ಹೇಳುತ್ತದೆ. ಅದರ ವಾಸ್ತವ ಭಾಗ ಋಣವಾಗಿದ್ದರೆ ತೂಗಾಟ ಅಡಗುತ್ತದೆ, ಧನವಾಗಿದ್ದರೆ ಬೆಳೆಯುತ್ತದೆ. ಅದರ ಕಾಲ್ಪನಿಕ ಭಾಗ ತೂಗಾಟದ ವೇಗ. k ಬೆಲೆ π/2, ಅಂದರೆ ಸುಮಾರು 1.57 ಆದಾಗ ಮೂಲ ಸರಿಯಾಗಿ ಕಾಲ್ಪನಿಕ ಅಕ್ಷದ ಮೇಲೆ ಬಂದು ಕೂರುತ್ತದೆ. ಅದಕ್ಕಿಂತ ಜೋರಾಗಿ ಗೇಟು ತಿರುಗಿಸಿದರೆ ಮಟ್ಟ ಹಿಡಿತ ತಪ್ಪುತ್ತದೆ. ನಾವು k = 1 ತೆಗೆದುಕೊಂಡೆವು.

ಈಗ ಒಂದು ತೊಡಕು. k = 1 ಇದ್ದಾಗ ವಾಸ್ತವ ಅಕ್ಷದ ಮೇಲೆ f(s) ಎಲ್ಲೂ ಸೊನ್ನೆಯಾಗುವುದಿಲ್ಲ. s = 0 ದಲ್ಲಿ ಅದರ ಕನಿಷ್ಠ ಬೆಲೆಯೇ 1. ಮೂಲ ಇರುವುದು ಅಕ್ಷದಿಂದ ಆಚೆ, −0.31813 + 1.33724i ಎಂಬಲ್ಲಿ, ಮತ್ತು ಅದರ ಸಂಯುಗ್ಮಿ ಅಕ್ಷದ ಕೆಳಗೆ. ಇವೆರಡರ ಜೊತೆ ಇನ್ನೂ ಅನಂತ ಮೂಲಗಳಿವೆ, ಮುಂದಿನದು −2.062 + 7.589i ಹತ್ತಿರ. ಆದರೆ ಅವೆಲ್ಲ ಬಹಳ ಬೇಗ ಅಡಗುವವು, ನಾಲೆಯಲ್ಲಿ ಕಣ್ಣಿಗೆ ಕಾಣುವುದು ಮೊದಲಿನದೇ.

ನ್ಯೂಟನ್ ವಿಧಾನ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಎಲ್ಲರೂ ಮೊದಲು ಕೈ ಹಾಕುವುದು ನ್ಯೂಟನ್ ವಿಧಾನಕ್ಕೆ. ಅದರ ಅಭಿಸರಣದ ದರ್ಜೆ 2. ಮೂಲದ ಹತ್ತಿರ ಬಂದ ಮೇಲೆ ಸರಿಯಾದ ಅಂಕೆಗಳು ಪ್ರತಿ ಹೆಜ್ಜೆಗೆ ಸುಮಾರು ಇಮ್ಮಡಿಯಾಗುತ್ತವೆ. ನನ್ನ ವಿದ್ಯಾರ್ಥಿಯೂ ಅದನ್ನೇ ಮಾಡಿದ್ದ. s = 0 ಇಂದ ಆರಂಭಿಸಿದ; ಅಲ್ಲಿ ಡೆರಿವೇಟಿವ್ 1 − 1 = 0, ಸೊನ್ನೆಯಿಂದ ಭಾಗಿಸಿ ಪ್ರೋಗ್ರಾಂ ನಿಂತಿತು. s = 1 ಇಂದ ಆರಂಭಿಸಿದ; ಬಂದ ಸಂಖ್ಯೆಗಳು −1.16, −0.24, 3.59, −0.13. ಐವತ್ತು ಹೆಜ್ಜೆ ಓಡಿಸಿದರೂ ಹೀಗೆಯೇ ಅಲೆದಾಟ. "ಸರ್, ಸಮೀಕರಣವೇ ತಪ್ಪಿರಬೇಕು" ಎಂದು ಬಂದ.

ಸಮೀಕರಣ ಸರಿಯಾಗಿಯೇ ಇತ್ತು. ವಾಸ್ತವ ಸಂಖ್ಯೆಯಿಂದ ಹೊರಟ ನ್ಯೂಟನ್ ಹೆಜ್ಜೆಯಲ್ಲಿ ಕೂಡುವುದು, ಕಳೆಯುವುದು, ಭಾಗಿಸುವುದು ಮಾತ್ರ ಇವೆ. ವಾಸ್ತವ ಗುಣಾಂಕಗಳ ಫಂಕ್ಷನ್ನಿಗೆ ಇವೆಲ್ಲ ವಾಸ್ತವ ಸಂಖ್ಯೆಯನ್ನೇ ಕೊಡುತ್ತವೆ. ಅಕ್ಷದ ಮೇಲೆ ಹೊರಟವನು ಅಕ್ಷ ಬಿಟ್ಟು ಇಳಿಯುವ ದಾರಿಯೇ ಅಲ್ಲಿಲ್ಲ. ಛೇದಕ ವಿಧಾನದ ಕಥೆಯೂ ಅಷ್ಟೇ. ಹಾಗಾಗಿ ನಿಮ್ಮ ಪರದೆಯ ಮೇಲೆ ಸಂಖ್ಯೆಗಳು ಗೊತ್ತುಗುರಿಯಿಲ್ಲದೆ ನೆಗೆಯುತ್ತಿದ್ದರೆ, ಕೋಡನ್ನು ಅನುಮಾನಿಸುವ ಮೊದಲು ಆ ಸಂಖ್ಯೆಗಳಲ್ಲಿ ಕಾಲ್ಪನಿಕ ಭಾಗವೇನಾದರೂ ಇದೆಯೇ ನೋಡಿ.

ಪರವಲಯ ಅಕ್ಷದಿಂದ ಕೆಳಗಿಳಿಯುವ ಬಗೆ

ಡೇವಿಡ್ ಮುಲ್ಲರ್ 1956ರಲ್ಲಿ ಪ್ರಕಟಿಸಿದ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ನ್ಯೂಟನ್ ಒಂದು ಬಿಂದುವಿನಲ್ಲಿ ಸ್ಪರ್ಶಕ ಎಳೆಯುತ್ತಾನೆ, ಛೇದಕ ವಿಧಾನ ಎರಡು ಬಿಂದುಗಳ ಮೂಲಕ ಗೆರೆ ಎಳೆಯುತ್ತದೆ. ಮುಲ್ಲರ್ ಮೂರು ಬಿಂದುಗಳ ಮೂಲಕ ಪರವಲಯ ಎಳೆದು, ಅದು ಸೊನ್ನೆಯಾಗುವ ಜಾಗವನ್ನು ಮುಂದಿನ ಅಂದಾಜಾಗಿ ಹಿಡಿಯುತ್ತಾನೆ. ಪರವಲಯ ಅಂದರೆ ವರ್ಗಸಮೀಕರಣ. ವರ್ಗಸಮೀಕರಣದಲ್ಲಿ ವರ್ಗಮೂಲ ಇದೆ. ಶೋಧಕ b² − 4ac ಋಣವಾದ ಕ್ಷಣವೇ ಉತ್ತರ ಸಂಮಿಶ್ರವಾಗುತ್ತದೆ. ಹತ್ತನೆಯ ತರಗತಿಯಲ್ಲಿ "ವಾಸ್ತವ ಮೂಲಗಳಿಲ್ಲ" ಎಂದು ಬರೆದು ಮುಗಿಸುತ್ತಿದ್ದ ಅದೇ ಸಾಲು ಇಲ್ಲಿ ಹೊರದಾರಿಯಾಗುತ್ತದೆ.

ಕೈಯಲ್ಲಿ ಮಾಡಿ ನೋಡೋಣ. ಆರಂಭದ ಬಿಂದುಗಳು x0 = −1, x1 = 1, x2 = 0. ಬೆಲೆಗಳು ಕ್ರಮವಾಗಿ 1.71828, 1.36788 ಮತ್ತು 1. ಬಿಂದುಗಳು ಸೊನ್ನೆಯ ಎರಡು ಪಕ್ಕದಲ್ಲಿ ಸಮವಾಗಿರುವುದರಿಂದ ಪರವಲಯದ ಗುಣಾಂಕಗಳು ಸುಲಭವಾಗಿ ಸಿಗುತ್ತವೆ:

```
a = (1.71828 + 1.36788 − 2)/2 = 0.54308
b = (1.36788 − 1.71828)/2     = −0.17520
c = 1
b² − 4ac = −2.14163
```

ಮುಂದಿನ ಬಿಂದುವನ್ನು ಶಾಲೆಯ ಸೂತ್ರದಿಂದ ತೆಗೆಯಬಾರದು. ಅದನ್ನು ತಿರುಗಿಸಿ ಬರೆದ ರೂಪದಿಂದ ತೆಗೆಯಬೇಕು:

```
x_new = x2 − 2c / (b ± sqrt(b² − 4ac))
```

± ಚಿಹ್ನೆಗಳಲ್ಲಿ ಛೇದದ ಗಾತ್ರವನ್ನು ದೊಡ್ಡದು ಮಾಡುವುದನ್ನು ಆರಿಸಿಕೊಳ್ಳುತ್ತೇವೆ. ಇದಕ್ಕೆ ಎರಡು ಕಾರಣ. ದೊಡ್ಡ ಛೇದ ಅಂದರೆ ಸಣ್ಣ ಹೆಜ್ಜೆ, ಇರುವ ಜಾಗಕ್ಕೆ ಹತ್ತಿರದ ಮೂಲ. ಎರಡನೆಯದು ಇನ್ನೂ ಮುಖ್ಯ: ಮೂಲದ ಹತ್ತಿರ c, ಅಂದರೆ x2 ರಲ್ಲಿ f ನ ಬೆಲೆ, ಬಹಳ ಚಿಕ್ಕದಾದಾಗ ವರ್ಗಮೂಲವೂ b ಯೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಶಾಲೆಯ ಸೂತ್ರದಲ್ಲಿ ಅವೆರಡನ್ನು ಒಂದರಿಂದ ಒಂದು ಕಳೆಯಬೇಕಾಗಿ ಬಂದು, ಅಂಕೆಗಳೆಲ್ಲ ಕಳೆದುಹೋಗುತ್ತವೆ.

ನಮ್ಮ ಮೊದಲ ಹೆಜ್ಜೆಯಲ್ಲಿ ಎರಡೂ ಛೇದಗಳ ಗಾತ್ರ ಒಂದೇ. ಅವು ಒಂದಕ್ಕೊಂದು ಸಂಯುಗ್ಮಿಗಳು. ಒಂದನ್ನು ಹಿಡಿದರೆ ಮೇಲಿನ ಮೂಲಕ್ಕೆ ಹೋಗುತ್ತೇವೆ, ಇನ್ನೊಂದನ್ನು ಹಿಡಿದರೆ ಕೆಳಗಿನದಕ್ಕೆ. ಕಂಪ್ಯೂಟರಿನಲ್ಲಿ ಯಾವುದು ಬಂದರೂ ಸರಿಯೇ. ನಾವು ಮೇಲಿನದನ್ನು ಹಿಡಿದೆವು: 0.1613 + 1.3473i. ನೋಡಿ, ಮೂರೂ ವಾಸ್ತವ ಬಿಂದುಗಳಿಂದ ಹೊರಟು, ಒಂದೇ ಹೆಜ್ಜೆಗೆ ಕಾಲ್ಪನಿಕ ಭಾಗ 1.337ರ ಪಕ್ಕಕ್ಕೇ ಬಂದುಬಿಟ್ಟಿತು. ವಾಸ್ತವ ಭಾಗ ಇನ್ನೂ ದೂರವಿದೆ. ಹಳೆಯ −1 ಅನ್ನು ಬಿಟ್ಟು, 1, 0 ಮತ್ತು ಈ ಹೊಸ ಬಿಂದುವಿನ ಮೂಲಕ ಮತ್ತೊಂದು ಪರವಲಯ, ಹೀಗೆ ಮುಂದುವರಿದಾಗ:

```
x3 =  0.16130 + 1.34734i    ದೋಷ 0.48
x4 = −0.39830 + 1.46010i    ದೋಷ 0.147
x5 = −0.31490 + 1.32482i    ದೋಷ 0.0128
x6 = −0.31814 + 1.33711i    ದೋಷ 0.00012
```

ಮೂಲ ಸಿಕ್ಕ ಮೇಲೆ ನಾಲೆಯ ಮಾತಿಗೆ ಬರಬಹುದು. ಒಂದು ತೂಗಾಟಕ್ಕೆ 2π/1.337, ಅಂದರೆ ತಡದ 4.7 ಪಟ್ಟು ಸಮಯ. ಪ್ರತಿ ತೂಗಾಟಕ್ಕೆ ಅಲೆಯ ಎತ್ತರ ಸುಮಾರು ಶೇ. 22ಕ್ಕೆ ಇಳಿಯುತ್ತದೆ. ನೀರು ತಲುಪಲು ಎರಡು ಗಂಟೆ ಬೇಕಾದರೆ ಅಲೆ ಮರಳಿ ಬರುವುದು ಒಂಬತ್ತೂವರೆ ಗಂಟೆಗೊಮ್ಮೆ.

ದರ್ಜೆ ಎರಡಕ್ಕೆ ಸ್ವಲ್ಪ ಕಡಿಮೆ ಏಕೆ

ಈ ಭಾಗ ನನಗೆ ಬಹಳ ಇಷ್ಟ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮೂರು ಬಿಂದುಗಳ ಮೂಲಕ ಎಳೆದ ಪರವಲಯ ನಿಜವಾದ ಫಂಕ್ಷನ್ನಿನಿಂದ ಎಷ್ಟು ಸರಿಯುತ್ತದೆ ಎಂಬುದು ಆ ಮೂರೂ ಬಿಂದುಗಳಿಂದ ಇರುವ ದೂರಗಳ ಗುಣಲಬ್ಧವನ್ನು ಅವಲಂಬಿಸಿದೆ. ಮೂಲದ ಬಳಿ ಆ ದೂರಗಳೇ ಮೂರು ಬಿಂದುಗಳ ದೋಷಗಳು. ಆದ್ದರಿಂದ ಹೊಸ ದೋಷವು ಹಿಂದಿನ ಮೂರು ದೋಷಗಳ ಗುಣಲಬ್ಧವನ್ನು ಒಂದು ಸ್ಥಿರಾಂಕದಿಂದ ಗುಣಿಸಿದಷ್ಟು. ಸ್ಥಿರಾಂಕದ ಗಾತ್ರ, ಮೂಲದಲ್ಲಿ ಮೂರನೆಯ ಡೆರಿವೇಟಿವ್ ಅನ್ನು ಮೊದಲನೆಯದರ ಆರರಷ್ಟರಿಂದ ಭಾಗಿಸಿದಾಗ ಬರುವುದು. ನಮ್ಮ ಸಮೀಕರಣಕ್ಕೆ ಅದು ಸುಮಾರು 0.153.

ಪರೀಕ್ಷೆ ಮಾಡೋಣ. x3, x4, x5 ರ ದೋಷಗಳು 0.48, 0.147, 0.0128. ಗುಣಿಸಿ 0.153 ರಿಂದ ಮತ್ತೆ ಗುಣಿಸಿದರೆ 0.00014. ನಿಜವಾಗಿ ಬಂದದ್ದು 0.00012. ಮೂಲದಿಂದ ಇನ್ನೂ ಇಷ್ಟು ದೂರ ಇರುವಾಗಲೇ ನಿಯಮ ಹೀಗೆ ಹೊಂದಿಕೊಂಡಿತು. ಅದೇ ನಿಯಮದಂತೆ ಮುಂದಿನ ದೋಷ ಸುಮಾರು 0.00000004, ಅದರ ಮುಂದಿನದು ಹದಿನಾಲ್ಕನೆಯ ದಶಮಾಂಶ ಸ್ಥಾನದ ಆಚೆ.

ಗುಣಾಕಾರವನ್ನು ಅಂಕೆಗಳ ಭಾಷೆಗೆ ತಂದರೆ ಅದು ಸಂಕಲನವಾಗುತ್ತದೆ. ಹೊಸ ಅಂದಾಜಿನಲ್ಲಿ ಸರಿಯಾಗಿರುವ ಅಂಕೆಗಳ ಸಂಖ್ಯೆ, ಹಿಂದಿನ ಮೂರು ಅಂದಾಜುಗಳಲ್ಲಿ ಸರಿಯಿದ್ದ ಅಂಕೆಗಳ ಮೊತ್ತ, ಹೆಚ್ಚುಕಡಿಮೆ. 1, 2, 4 ಅಂಕೆ ಇದ್ದರೆ ಮುಂದೆ 7, ಆಮೇಲೆ 13, ಆಮೇಲೆ 24. ಇದೇ ಇಮ್ಮಡಿ ಏಕಾಗುವುದಿಲ್ಲ ಎಂಬುದೂ ಇಲ್ಲೇ ಕಾಣುತ್ತದೆ. 24 ರ ಇಮ್ಮಡಿ 48, ಆದರೆ 24 + 13 + 7 ಕೂಡಿದರೆ 44. ಹಿಂದಿನ ಎರಡು ಬಿಂದುಗಳು ಸೇರಿಯೂ ಹೊಸ ಬಿಂದುವಿನಷ್ಟು ಅಂಕೆ ಹೊಂದಿಲ್ಲ. ಈ ಸರಣಿಯ ಅನುಪಾತ ಬಂದು ನಿಲ್ಲುವುದು p³ = p² + p + 1 ಎಂಬ ಸಮೀಕರಣದ ಮೂಲದಲ್ಲಿ, ಅಂದರೆ 1.8393 ರಲ್ಲಿ. ಅದೇ ಮುಲ್ಲರ್ ವಿಧಾನದ ದರ್ಜೆ.

ಛೇದಕ ವಿಧಾನದಲ್ಲಿ ಎರಡು ದೋಷಗಳಷ್ಟೇ ಗುಣವಾಗುತ್ತವೆ, ಹಾಗಾಗಿ p² = p + 1, ದರ್ಜೆ 1.618. ನಾಲ್ಕು ಬಿಂದುಗಳ ಘನ ಬಹುಪದ ಎಳೆದರೆ 1.928. ಬಿಂದುಗಳನ್ನು ಎಷ್ಟು ಸೇರಿಸಿದರೂ ಎರಡನ್ನು ದಾಟುವುದಿಲ್ಲ. 1.618 ರಿಂದ 1.839 ಕ್ಕೆ ಏರಿದ್ದು ದೊಡ್ಡ ಜಿಗಿತ, ಅಲ್ಲಿಂದ ಮುಂದೆ ಸಿಗುವುದು ಚಿಲ್ಲರೆ. ಅದಕ್ಕಾಗಿ ಪ್ರತಿ ಹೆಜ್ಜೆಗೂ ಘನಸಮೀಕರಣ ಬಿಡಿಸುತ್ತಾ ಕೂರಬೇಕು. ಮೂರು ಬಿಂದುಗಳಲ್ಲಿ ನಿಲ್ಲುವುದು ಸರಿಯಾದ ಜಾಗ ಎಂದು ನನ್ನ ಅಭಿಪ್ರಾಯ.

2 ದೊಡ್ಡದೋ 1.84 ದೊಡ್ಡದೋ

ದರ್ಜೆಗಳನ್ನು ಪಕ್ಕಪಕ್ಕ ಇಟ್ಟು ನ್ಯೂಟನ್ ಗೆದ್ದ ಎಂದು ಬರೆಯುವ ಉತ್ತರ ಪತ್ರಿಕೆಗಳನ್ನು ಪ್ರತಿ ವರ್ಷ ನೋಡುತ್ತೇನೆ. ದರ್ಜೆಯನ್ನು ಅಳೆದದ್ದು ಹೆಜ್ಜೆಗೆ; ನಾವು ಬೆಲೆ ತೆರುವುದು ಫಂಕ್ಷನ್ನಿನ ಲೆಕ್ಕಕ್ಕೆ. ನ್ಯೂಟನ್ನನ ಒಂದು ಹೆಜ್ಜೆಗೆ f ಒಂದು ಸಲ, ಡೆರಿವೇಟಿವ್ ಒಂದು ಸಲ. ಮುಲ್ಲರಿಗೆ ಆರಂಭದ ಮೂರು ಬಿಟ್ಟರೆ ಹೆಜ್ಜೆಗೆ f ಒಂದೇ ಸಲ, ಹಳೆಯ ಎರಡು ಬೆಲೆಗಳು ಕೈಯಲ್ಲೇ ಇರುತ್ತವೆ. ಡೆರಿವೇಟಿವ್‌ಗೂ f ನಷ್ಟೇ ಖರ್ಚಾದರೆ, ನ್ಯೂಟನ್ ಒಂದು ಹೆಜ್ಜೆ ಇಡುವ ಖರ್ಚಿನಲ್ಲಿ ಮುಲ್ಲರ್ ಎರಡು ಹೆಜ್ಜೆ ಇಡುತ್ತಾನೆ. ಅಂಕೆಗಳು ಆಗ 1.839 × 1.839, ಅಂದರೆ 3.38 ಪಟ್ಟು, ನ್ಯೂಟನ್ನನದು 2 ಪಟ್ಟು.

ಎಲ್ಲಿ ತಕ್ಕಡಿ ಸಮವಾಗುತ್ತದೆ ಎಂದು ನಾವು ಲೆಕ್ಕ ಮಾಡಿದೆವು. 2 ರ ಲಾಗರಿದಂ ಅನ್ನು 1.8393 ರ ಲಾಗರಿದಂನಿಂದ ಭಾಗಿಸಿದರೆ 1.137. ಅಂದರೆ ಡೆರಿವೇಟಿವ್ ತೆಗೆಯುವ ಖರ್ಚು f ತೆಗೆಯುವ ಖರ್ಚಿನ ಏಳನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ನ್ಯೂಟನ್ ಮೇಲು, ಹೆಚ್ಚಿದ್ದರೆ ಮುಲ್ಲರ್ ಮೇಲು. ಈ ಒಂದು ಸಂಖ್ಯೆ ನೆನಪಿದ್ದರೆ ಆಯ್ಕೆಯ ಅರ್ಧ ಕೆಲಸ ಮುಗಿಯಿತು.

ನಮ್ಮ ನಾಲೆಯ ಸಮೀಕರಣಕ್ಕೆ ಇದನ್ನು ಹಚ್ಚಿ ನೋಡಿ. f ನಲ್ಲಿ ದುಬಾರಿ ಭಾಗ e^(−s). ಡೆರಿವೇಟಿವ್ 1 − e^(−s), ಅದಕ್ಕೂ ಅದೇ ಸಂಖ್ಯೆ ಸಾಕು, ಹೊಸದಾಗಿ ಏನೂ ಲೆಕ್ಕ ಮಾಡಬೇಕಿಲ್ಲ. ಖರ್ಚು ಹೆಚ್ಚುಕಡಿಮೆ ಸೊನ್ನೆ. ಹಾಗಾದರೆ ನ್ಯೂಟನ್ನೇ ಸರಿ, ಆದರೆ ಒಂದು ಷರತ್ತು: ಹೊರಡುವ ಬಿಂದು ಸಂಮಿಶ್ರವಾಗಿರಬೇಕು. ಮೇಲಿನ x3 ರಿಂದಲೇ ನ್ಯೂಟನ್ ಹೊರಟರೆ ದೋಷ 0.48 ರಿಂದ 0.1 ಕ್ಕೆ, ಅಲ್ಲಿಂದ ಸುಮಾರು 0.0045 ಕ್ಕೆ, ಆಮೇಲೆ 0.00001 ರ ಒಳಕ್ಕೆ ಇಳಿಯುತ್ತದೆ. ಮುಲ್ಲರಿಗಿಂತ ಸ್ವಲ್ಪ ಮುಂದೆ. ಒಂದೇ ಭಾಗದ ನಾಲೆಗೆ ನನ್ನ ಸಲಹೆ ಇದೇ: ಮೊದಲ ಹೆಜ್ಜೆ ಪರವಲಯದ್ದು, ಉಳಿದವು ನ್ಯೂಟನ್ನನವು.

ಆದರೆ ಪ್ರಾಜೆಕ್ಟ್ ಅಲ್ಲಿಗೆ ನಿಲ್ಲಲಿಲ್ಲ. ನಾಲೆಯಲ್ಲಿ ಒಂದರ ಕೆಳಗೊಂದು ಮೂರು ಭಾಗ, ಮೂರು ಗೇಟು, ಮೂರು ಬೇರೆ ಬೇರೆ ತಡಗಳು. ಮಧ್ಯದ ಗೇಟು ತನ್ನ ಮಟ್ಟವನ್ನಷ್ಟೇ ಅಲ್ಲ, ಕೆಳಗಿನವನ ಮಟ್ಟವನ್ನೂ ನೋಡಿ ಚಲಿಸುತ್ತದೆ. ಈಗ f(s) ಎಂದರೆ s ಕೊಟ್ಟಾಗ ಒಂದು ಮ್ಯಾಟ್ರಿಕ್ಸ್ ಕಟ್ಟಿ, ಅದರ ಡಿಟರ್ಮಿನೆಂಟ್ ತೆಗೆದು ಬರುವ ಸಂಖ್ಯೆ. ಅದರ ಡೆರಿವೇಟಿವ್ ಅನ್ನು ಕಾಗದದ ಮೇಲೆ ಬರೆಯಬಹುದು, ಎರಡು ಪುಟವಾಗುತ್ತದೆ, ಎಲ್ಲೋ ಒಂದು ಚಿಹ್ನೆ ತಪ್ಪುತ್ತದೆ. ಹುಡುಗನಿಗೆ ಹಾಗೆಯೇ ಆಯಿತು. ಅಂಥ ತಪ್ಪನ್ನು ಹಿಡಿಯುವ ಗುರುತು ಒಂದಿದೆ: ಡೆರಿವೇಟಿವ್ ತಪ್ಪಿದ್ದರೂ ನ್ಯೂಟನ್ ಎಷ್ಟೋ ಸಲ ಸರಿಯಾದ ಮೂಲಕ್ಕೇ ಬರುತ್ತದೆ, ಆದರೆ ಅಂಕೆಗಳು ಇಮ್ಮಡಿಯಾಗುವುದಿಲ್ಲ, ಪ್ರತಿ ಹೆಜ್ಜೆಗೆ ಒಂದೇ ಅಳತೆಯಲ್ಲಿ ಕುಂಟುತ್ತಾ ಬರುತ್ತವೆ. ಡೆರಿವೇಟಿವ್ ಬದಲು ಸಣ್ಣ ಅಂತರದ ವ್ಯತ್ಯಾಸ ತೆಗೆದರೆ ಮತ್ತೊಂದು ಡಿಟರ್ಮಿನೆಂಟ್ ಖರ್ಚು, ಜೊತೆಗೆ ಅಂತರ ಎಷ್ಟಿರಬೇಕೆಂಬ ತಲೆನೋವು. ಇಲ್ಲಿ ಮುಲ್ಲರ್ ವಿಧಾನಕ್ಕೆ ಎದುರಿಲ್ಲ. ಅದಕ್ಕೆ ಬೇಕಾದದ್ದು f ನ ಬೆಲೆ ಮಾತ್ರ.

```python
import cmath

def parabola_root(f, x0, x1, x2, tol=1e-12, n=50):
    f0, f1, f2 = f(x0), f(x1), f(x2)
    for _ in range(n):
        d1 = (f1 - f0) / (x1 - x0)
        d2 = (f2 - f1) / (x2 - x1)
        a = (d2 - d1) / (x2 - x0)
        b = d2 + a * (x2 - x1)
        r = cmath.sqrt(b*b - 4*a*f2)
        den = b + r if abs(b + r) >= abs(b - r) else b - r
        h = -2 * f2 / den
        x0, x1, x2 = x1, x2, x2 + h
        f0, f1, f2 = f1, f2, f(x2)
        if abs(h) <= tol * max(1, abs(x2)):
            return x2
    raise RuntimeError("no convergence")
```

ಇದರಲ್ಲಿ `cmath` ಬದಲು `math` ಬರೆದರೆ ಋಣ ಸಂಖ್ಯೆಯ ವರ್ಗಮೂಲಕ್ಕೆ ಬಂದ ಕೂಡಲೇ `ValueError` ಅಥವಾ `TypeError` ಬರುತ್ತದೆ. ಫಂಕ್ಷನ್ನಿನ ಒಳಗೂ `cmath.exp` ಇರಬೇಕು. ಇದನ್ನು ಮರೆಯುವವರೇ ಹೆಚ್ಚು. ಮೂರೂ ಆರಂಭ ಬಿಂದುಗಳಲ್ಲಿ f ಒಂದೇ ಬೆಲೆ ಕೊಟ್ಟರೆ ಪರವಲಯ ಅಡ್ಡಗೆರೆಯಾಗಿ ಛೇದ ಸೊನ್ನೆಯಾಗುತ್ತದೆ. ಆಗ ಒಂದು ಬಿಂದುವನ್ನು ಸ್ವಲ್ಪ ಸರಿಸಿದರೆ ಸಾಕು.

α ಎಂಬ ಒಂದು ಮೂಲ ಸಿಕ್ಕ ಮೇಲೆ ಮುಂದಿನದು ಬೇಕಾದರೆ, f(s) ಅನ್ನು (s − α) ಮತ್ತು ಅದರ ಸಂಯುಗ್ಮಿಯ ಅಪವರ್ತನದಿಂದ ಭಾಗಿಸಿ, ಅದೇ ವಿಧಾನವನ್ನು ಮತ್ತೆ ಓಡಿಸಬಹುದು. ಬೆಲೆಯನ್ನು ಭಾಗಿಸುವುದಷ್ಟೇ ಕೆಲಸ, ಡೆರಿವೇಟಿವ್ ತಿದ್ದುವ ಗೋಜಿಲ್ಲ. ಹೀಗೆ ಸಿಕ್ಕ ಮೂಲವನ್ನು ಕೊನೆಗೆ ಭಾಗಿಸದ f ಮೇಲೆ ಒಂದೆರಡು ಹೆಜ್ಜೆ ಓಡಿಸಿ ಒರೆಗೆ ಹಚ್ಚಬೇಕು.

ಬಹುಪದವಾಗಿಸಿಬಿಟ್ಟರೆ?

ಮೂರನೆಯ ದಾರಿಯೂ ಇದೆ. ನಿಮ್ಮ ಸಮೀಕರಣ ನಿಜವಾಗಿಯೂ ಬಹುಪದವಾಗಿದ್ದು ಘಾತ ಹತ್ತೋ ಇಪ್ಪತ್ತೋ ಇದ್ದರೆ, `numpy.roots` ಎಲ್ಲ ಮೂಲಗಳನ್ನೂ ಒಟ್ಟಿಗೆ ಕೊಡುತ್ತದೆ. ಮೇಲಿನ ಯಾವ ಚರ್ಚೆಯೂ ಬೇಕಿಲ್ಲ. ನಾಲೆಯ ಸಮೀಕರಣ ಬಹುಪದವಲ್ಲ. ಆದರೂ e^(−s) ಬದಲು (1 − s/2)/(1 + s/2) ಎಂದು ಇಡುವ ರೂಢಿ ನಿಯಂತ್ರಣ ಶಾಸ್ತ್ರದಲ್ಲಿದೆ. ಪಾದೆ ಅಂದಾಜು ಎನ್ನುತ್ತಾರೆ. ಹಾಗೆ ಇಟ್ಟರೆ ಸಮೀಕರಣ s² + s + 2 = 0 ಆಗಿ, ಮೂಲ −0.5 + 1.3229i ಬರುತ್ತದೆ.

ಕಾಲ್ಪನಿಕ ಭಾಗ ಚೆನ್ನಾಗಿಯೇ ಇದೆ. ವಾಸ್ತವ ಭಾಗ ನೋಡಿ: −0.318 ಇರಬೇಕಾದಲ್ಲಿ −0.5. ಇದನ್ನು ನಂಬಿದರೆ ಪ್ರತಿ ತೂಗಾಟಕ್ಕೆ ಅಲೆ ಶೇ. 9ಕ್ಕೆ ಇಳಿಯುತ್ತದೆ ಎಂದಾಗುತ್ತದೆ. ನಿಜದಲ್ಲಿ ಉಳಿಯುವುದು ಶೇ. 22. ಕೊನೆಯ ಗದ್ದೆಯವನಿಗೆ ಅಲೆ ಅಡಗಿತೆಂದು ಹೇಳಿದ ಮೇಲೂ ಅಲೆ ಬರುತ್ತಲೇ ಇರುತ್ತದೆ. ಇದನ್ನು ಉತ್ತರವಾಗಿ ಒಪ್ಪಬೇಡಿ. ಆದರೆ ನ್ಯೂಟನ್ನಿಗೆ ಬೇಕಾಗಿದ್ದ ಸಂಮಿಶ್ರ ಆರಂಭ ಬಿಂದುವಾಗಿ ಇದು ಬಹಳ ಒಳ್ಳೆಯದು, ಪರವಲಯದ ಮೊದಲ ಹೆಜ್ಜೆಗಿಂತಲೂ ಹತ್ತಿರ.

ಎರಡೂ ಸೋಲುವ ಜಾಗ

ಪ್ರಾಜೆಕ್ಟಿನ ಕೊನೆಯಲ್ಲಿ ಹುಡುಗನಿಗೆ ತೋಚಿದ್ದು ಒಳ್ಳೆಯ ಪ್ರಶ್ನೆ. ತೂಗಾಟವೇ ಇಲ್ಲದೆ, ಆದಷ್ಟು ಬೇಗ ಮಟ್ಟ ಸರಿಹೋಗಬೇಕಾದರೆ k ಎಷ್ಟಿರಬೇಕು? ಉತ್ತರ 1/e, ಅಂದರೆ 0.368. ಅದಕ್ಕಿಂತ ಹೆಚ್ಚಾದರೆ ಸಂಮಿಶ್ರ ಜೋಡಿ, ಕಡಿಮೆಯಾದರೆ ಎರಡು ಬೇರೆ ವಾಸ್ತವ ಮೂಲಗಳು; ಸರಿಯಾಗಿ ಅಲ್ಲಿ ಎರಡೂ s = −1 ರಲ್ಲಿ ಒಂದಾಗುತ್ತವೆ. ನಮಗೆ ಬೇಕಾದ k ಯಲ್ಲೇ ಇಮ್ಮಡಿ ಮೂಲ.

ಇಮ್ಮಡಿ ಮೂಲದಲ್ಲಿ ಡೆರಿವೇಟಿವ್ ಕೂಡ ಸೊನ್ನೆ. ನ್ಯೂಟನ್ನನ ದರ್ಜೆ 2 ಅಲ್ಲಿ 1 ಕ್ಕೆ ಕುಸಿಯುತ್ತದೆ, ದೋಷ ಪ್ರತಿ ಹೆಜ್ಜೆಗೆ ಅರ್ಧವಾಗುತ್ತದೆ ಅಷ್ಟೇ. ಮೂರು ದಶಮಾಂಶ ಅಂಕೆ ಗಳಿಸಲು ಹತ್ತು ಹೆಜ್ಜೆ. ಮುಲ್ಲರ್ ಕೂಡ ನಿಧಾನಿಸುತ್ತಾನೆ, ಆದರೆ ಅಷ್ಟು ಅಲ್ಲ. ಇಲ್ಲಿ ಹೊಸ ದೋಷದ ವರ್ಗವು ಹಿಂದಿನ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುವುದರಿಂದ 2p³ = p² + p + 1, ದರ್ಜೆ 1.23. ವಕ್ರರೇಖೆ ಅಕ್ಷವನ್ನು ಮುಟ್ಟಿ ಹಿಂದಿರುಗುವ ಆಕಾರವೇ ಪರವಲಯದ್ದು, ಅದಕ್ಕೇ ಅದು ಸ್ಪರ್ಶಕಕ್ಕಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಆದರೆ ಯಾವ ವಿಧಾನವೂ ದಾಟಲಾಗದ ಮಿತಿ ಒಂದಿದೆ. −1 ರ ಬಳಿ f ನ ಬೆಲೆ (s + 1)²/2 ನಂತೆ ವರ್ತಿಸುತ್ತದೆ. ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಸಂಖ್ಯೆಯಲ್ಲಿ ಹದಿನಾರನೆಯ ಸ್ಥಾನದ ಆಚೆ f ಬರೀ ಗದ್ದಲ. ವರ್ಗವಾಗಿರುವುದರಿಂದ s ನಲ್ಲಿ ಎಂಟನೆಯ ಸ್ಥಾನದ ಆಚೆಯೇ ಗದ್ದಲ ಶುರುವಾಗುತ್ತದೆ. ಮೇಲಿನ ಕೋಡಿನಲ್ಲಿ `tol=1e-12` ಇಟ್ಟು ಇಂಥ ಮೂಲದ ಮೇಲೆ ಓಡಿಸಿದರೆ ಎಂಟು ಅಂಕೆ ಸರಿಯಾದ ಮೇಲೆ ಹೆಜ್ಜೆಗಳು ಅಲ್ಲಲ್ಲೇ ತಡವರಿಸಬಹುದು, `RuntimeError` ಕೂಡ ಬರಬಹುದು. ಅದು ಪ್ರೋಗ್ರಾಂನ ದೋಷವಲ್ಲ. ಗುರುತು ಹಿಡಿಯುವುದು ಹೇಗೆಂದರೆ, ಪ್ರತಿ ಹೆಜ್ಜೆಗೂ `abs(b)` ಅನ್ನು ಮುದ್ರಿಸಿ. ಒಂಟಿ ಮೂಲವಾದರೆ ಅದು ಒಂದು ಬೆಲೆಗೆ ಬಂದು ನಿಲ್ಲುತ್ತದೆ; k = 1 ಇದ್ದಾಗ ನಮಗೆ 1.5 ರ ಬಳಿ ನಿಂತಿತ್ತು. ಇಮ್ಮಡಿ ಮೂಲವಾದರೆ f ನ ಜೊತೆ ಅದೂ ಸೊನ್ನೆಯ ಕಡೆಗೆ ಜಾರುತ್ತಲೇ ಹೋಗುತ್ತದೆ.

ಅಂಥ ಕಡೆ f ಅನ್ನು ಬಿಟ್ಟು ಡೆರಿವೇಟಿವ್‌ನ ಮೂಲವನ್ನು ಹುಡುಕುವುದು ಒಳ್ಳೆಯದು, ಅಲ್ಲಿ ಅದು ಒಂಟಿ ಮೂಲ, ಪೂರ್ತಿ ಅಂಕೆಗಳು ಸಿಗುತ್ತವೆ. ಒಂದೇ ಭಾಗದ ನಾಲೆಗೆ ಅದು ಒಂದು ಸಾಲಿನ ಕೆಲಸ. ಮೂರು ಭಾಗದ ಡಿಟರ್ಮಿನೆಂಟಿಗೆ ನಾವು ಮುಲ್ಲರ್ ವಿಧಾನವನ್ನೇ ಇಟ್ಟುಕೊಂಡು, `tol` ಅನ್ನು `1e-7` ಕ್ಕೆ ಸಡಿಲಿಸಿದೆವು. ಗೇಟನ್ನು ಕೈಯಿಂದ ತಿರುಗಿಸುವ ನೀರುಗಂಟಿಗೆ ಏಳು ಅಂಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು.